ಭಾಗಿಸಿದ ಸಾಲಿನಲ್ಲೇ ಕಳೆದುಹೋದ ಪರಿಹಾರ

ಪ್ರಶ್ನೆ: ಸರ್, ನಾನು ಬಿ.ಎಸ್ಸಿ. ಮೊದಲ ವರ್ಷದ ವಿದ್ಯಾರ್ಥಿನಿ. dy/dx = y² − 4 ಲೆಕ್ಕದಲ್ಲಿ y ಒಂದು ಕಡೆ, x ಒಂದು ಕಡೆ ಮಾಡಿ ಇಂಟಿಗ್ರೇಟ್ ಮಾಡಿದೆ. (y − 2)/(y + 2) = K e^(4x) ಬಂತು. ಪುಸ್ತಕದ ಹಿಂದೆಯೂ ಇದೇ ಉತ್ತರ ಇದೆ. ಆದರೆ y(0) = −2 ಹಾಕಿದರೆ ಛೇದ ಸೊನ್ನೆಯಾಗುತ್ತದೆ, K ಸಿಗುವುದೇ ಇಲ್ಲ. ನನ್ನ ಗೆಳತಿ "ಉತ್ತರ y = −2, ಅಷ್ಟೇ" ಅಂದಳು. ಅದು ಎಲ್ಲಿಂದ ಬಂತು? ಇನ್ನೂ ಮೂರು ಅನುಮಾನ ಇದೆ. dy/dx ಭಿನ್ನರಾಶಿ ಅಲ್ಲ ಅಂತ ಹೇಳಿಕೊಟ್ಟು, ಇಲ್ಲಿ dx ಅನ್ನು ಆ ಕಡೆ ಹಾಕುವುದು ಸರಿಯಾ? ಎರಡು ಕಡೆ ಇಂಟಿಗ್ರೇಟ್ ಮಾಡಿ C ಒಂದೇ ಕಡೆ ಯಾಕೆ ಬರೆಯುತ್ತೇವೆ? e^(4C) ಯಾವತ್ತೂ ಧನ ಅಲ್ವಾ, ಹಾಗಾದರೆ K ಋಣ ಹೇಗಾಗುತ್ತದೆ?

ಉತ್ತರ: ನಿಮ್ಮ ಗೆಳತಿ ಹೇಳಿದ್ದು ಸರಿ. ನಿಮ್ಮ ಇಂಟಿಗ್ರೇಷನ್‌ನಲ್ಲೂ ತಪ್ಪಿಲ್ಲ, ಪಾರ್ಷಿಯಲ್ ಫ್ರಾಕ್ಷನ್ ಮಾಡಿದ್ದರಲ್ಲೂ ತಪ್ಪಿಲ್ಲ. y = −2 ಕೈತಪ್ಪಿದ್ದು ಅದಕ್ಕೂ ಮೊದಲು, ನೀವು ಬರೆದ ಮೊದಲ ಸಾಲಿನಲ್ಲೇ:

dy/(y² − 4) = dx

ಈ ಸಾಲು ಬರೆಯುವಾಗ ಎರಡೂ ಕಡೆಯನ್ನು y² − 4 ರಿಂದ ಭಾಗಿಸಿದ್ದೀರಿ. ಸೊನ್ನೆಯಿಂದ ಭಾಗಿಸುವ ಹಾಗಿಲ್ಲ. ಅಂದರೆ ಈ ಸಾಲಿನ ಪಕ್ಕದಲ್ಲಿ ಯಾರೂ ಬರೆಯದ ಒಂದು ಷರತ್ತು ನಿಂತಿದೆ: y ಬೆಲೆ 2 ಆಗಬಾರದು, −2 ಆಗಬಾರದು. ಅಲ್ಲಿಂದ ಮುಂದೆ ನೀವು ಎಷ್ಟು ಸರಿಯಾಗಿ ಲೆಕ್ಕ ಮಾಡಿದರೂ, ಆ ಎರಡು ಬೆಲೆಗಳ ಬಗ್ಗೆ ಲೆಕ್ಕ ಏನನ್ನೂ ಹೇಳುವುದಿಲ್ಲ.

ಈಗ ಭಾಗಿಸುವ ಮುಂಚಿನ ಸಮೀಕರಣಕ್ಕೆ ವಾಪಸ್ ಹೋಗಿ. y ಎಲ್ಲಾ x ಗೂ −2 ಆಗಿಯೇ ಇದ್ದರೆ ಗ್ರಾಫ್ ಒಂದು ಅಡ್ಡ ಗೆರೆ. ಅದರ ಇಳಿಜಾರು ಸೊನ್ನೆ, ಹಾಗಾಗಿ dy/dx = 0. ಬಲಗಡೆ (−2)² − 4, ಅದೂ ಸೊನ್ನೆ. ಎರಡೂ ಕಡೆ ಸರಿಹೋಯಿತು. ಹಾಗಾಗಿ y = −2 ಪಕ್ಕಾ ಪರಿಹಾರ. y = 2 ಕೂಡ ಹಾಗೆಯೇ. ಈ ಎರಡನ್ನು ಹುಡುಕಲು ಇಂಟಿಗ್ರೇಷನ್ ಬೇಕೇ ಇಲ್ಲ. ಬಲಗಡೆ ಯಾವ y ಗೆ ಸೊನ್ನೆಯಾಗುತ್ತದೆ ಎಂದು ನೋಡಿದರೆ ಸಾಕು. ಇವನ್ನು ಸ್ಥಿರ ಪರಿಹಾರಗಳು ಎಂದು ಕರೆಯೋಣ.

ಸ್ಥಿರ ಪರಿಹಾರ ಅಂದರೆ ಮೂಲೆಯಲ್ಲಿ ಬಿದ್ದಿರುವ ಸಣ್ಣ ವಿಷಯ, ಬಿಟ್ಟರೂ ನಡೆಯುತ್ತದೆ ಎಂದು ಎಷ್ಟೋ ಜನ ಅಂದುಕೊಳ್ಳುತ್ತಾರೆ. ನಿಮ್ಮ ಲೆಕ್ಕದಲ್ಲೇ ನೋಡಿ, −2 ಮತ್ತು 2 ರ ನಡುವೆ ಶುರುವಾಗುವ ಪ್ರತಿಯೊಂದು ಪರಿಹಾರವೂ x ಜಾಸ್ತಿಯಾದಂತೆ −2 ರ ಕಡೆಗೇ ಇಳಿಯುತ್ತದೆ. ಉಳಿದವೆಲ್ಲ ಎಲ್ಲಿಗೆ ಹೋಗಿ ಸೇರುತ್ತವೆಯೋ ಆ ಗೆರೆಯನ್ನೇ ಬಿಟ್ಟರೆ ಚಿತ್ರ ಅರ್ಧ ಮಾತ್ರ ಉಳಿಯುತ್ತದೆ.

dx ಆ ಕಡೆ ಹೋಗುವ ಪ್ರಶ್ನೆಯನ್ನು ಈಗ ನೋಡೋಣ. ನಿಮ್ಮ ಅನುಮಾನ ನ್ಯಾಯವಾದದ್ದೇ. dy/dx ಒಂದು ಡೆರಿವೇಟಿವ್, ಎರಡು ಸಂಖ್ಯೆಗಳ ಭಾಗಾಕಾರ ಅಲ್ಲ. dx ಅನ್ನು ಎತ್ತಿ ಆಚೆ ಇಡುವುದು ಬರವಣಿಗೆಯ ಒಂದು ಸುಲಭ ದಾರಿ ಮಾತ್ರ. ಅದರ ಹಿಂದೆ ನಿಜವಾಗಿ ಕೆಲಸ ಮಾಡುತ್ತಿರುವುದು ಚೈನ್ ರೂಲ್. y ಬೆಲೆ 2 ಅಥವಾ −2 ಅಲ್ಲದ ಕಡೆ ಭಾಗಿಸಿ ಹೀಗೆ ಬರೆಯಿರಿ:

(1/(y² − 4)) · dy/dx = 1

ಇಲ್ಲಿ y ಅಂದರೆ y(x), x ನ ಒಂದು ಫಂಕ್ಷನ್. ಈಗ 1/(y² − 4) ಅನ್ನು y ಗೆ ಇಂಟಿಗ್ರೇಟ್ ಮಾಡಿದರೆ ಬರುವ ಫಂಕ್ಷನ್ ಅನ್ನು G(y) ಎನ್ನೋಣ. ಚೈನ್ ರೂಲ್ ಪ್ರಕಾರ G(y(x)) ಅನ್ನು x ಗೆ ಡಿಫರೆನ್ಷಿಯೇಟ್ ಮಾಡಿದರೆ ಬರುವುದು G′(y) ಗುಣಿಸು dy/dx. ಅದೇ ತಾನೇ ಎಡಗಡೆ ಇರುವುದು! ಅಂದರೆ G(y(x)) ನ ಡೆರಿವೇಟಿವ್ 1. x ನ ಡೆರಿವೇಟಿವ್ ಕೂಡ 1. ಒಂದೇ ಇಂಟರ್ವಲ್ ಮೇಲೆ ಡೆರಿವೇಟಿವ್ ಒಂದೇ ಆಗಿರುವ ಎರಡು ಫಂಕ್ಷನ್‌ಗಳ ನಡುವೆ ಇರುವ ವ್ಯತ್ಯಾಸ ಒಂದು ಸ್ಥಿರಾಂಕ ಮಾತ್ರ. ಹಾಗಾಗಿ

G(y) = x + C

ನಾವು ಒಂದು ಕಡೆ y ಗೆ, ಇನ್ನೊಂದು ಕಡೆ x ಗೆ ಇಂಟಿಗ್ರೇಟ್ ಮಾಡಿದಂತೆ ಕಾಣುತ್ತದೆ. ಆದರೆ ನಿಜಕ್ಕೂ ಎರಡೂ ಕಡೆ x ಗೇ ಇಂಟಿಗ್ರೇಟ್ ಮಾಡಿದ್ದೇವೆ. ಎಡಗಡೆ ಸಬ್‌ಸ್ಟಿಟ್ಯೂಷನ್‌ನಿಂದ y ಗೆ ಬದಲಾಯಿತು, ಅಷ್ಟೇ. ಲೈಬ್ನಿಟ್ಸ್ 1691ರಲ್ಲಿ ಈ ವಿಧಾನವನ್ನು ಹೈಗೆನ್ಸ್‌ಗೆ ಪತ್ರದಲ್ಲಿ ತಿಳಿಸಿದ. dy, dx ಎಂಬ ಬರವಣಿಗೆಯೂ ಅವನದೇ. ಚೈನ್ ರೂಲ್ ತಾನಾಗಿಯೇ ಸರಿಯಾಗಿ ಕೂರುವಂತೆ ಆ ಬರವಣಿಗೆ ಇದೆ. ಅದಕ್ಕೇ dx ಅನ್ನು ಆಚೆ ಹಾಕಿದರೂ ಉತ್ತರ ಕೆಡುವುದಿಲ್ಲ. ಧೈರ್ಯವಾಗಿ ಬರೆಯಿರಿ.

C ಒಂದೇ ಕಡೆ ಯಾಕೆ ಎಂಬುದಕ್ಕೂ ಉತ್ತರ ಇದರಲ್ಲೇ ಇದೆ. ಎಡಗಡೆ C₁, ಬಲಗಡೆ C₂ ಬರೆದರೂ ತಪ್ಪಲ್ಲ. G(y) + C₁ = x + C₂ ಎಂದರೆ G(y) = x + (C₂ − C₁). ಆವರಣದಲ್ಲಿ ಇರುವುದು ಯಾವುದೋ ಒಂದು ಸಂಖ್ಯೆ. ಅದಕ್ಕೆ C ಎಂದು ಹೆಸರಿಟ್ಟೆವು. ಮೊದಲ ದರ್ಜೆಯ ಸಮೀಕರಣಕ್ಕೆ ಬೇಕಾದ ಸ್ವಾತಂತ್ರ್ಯ ಒಂದೇ.

C ಎಷ್ಟು ಎನ್ನುವುದಕ್ಕಿಂತ C ಯಾವ ಸಾಲಿನಲ್ಲಿ ಬರುತ್ತದೆ ಎಂಬುದರಲ್ಲಿ ಜಾಸ್ತಿ ಜನ ಎಡವುತ್ತಾರೆ. ಇಂಟಿಗ್ರೇಷನ್ ಅಂದರೆ ಉತ್ತರದ ಕೊನೆಗೆ +C ಹಾಕುವುದು ಎಂಬ ಅಭ್ಯಾಸ ಪಿಯುಸಿಯಿಂದಲೇ ಕೈಗೆ ಅಂಟಿರುತ್ತದೆ. dy/dx = 2xy ತೆಗೆದುಕೊಳ್ಳಿ. ln|y| = x² ಎಂದು ಬರೆದು, y = e^(x²) ಮಾಡಿ, ಅಯ್ಯೋ C ಮರೆತೆ ಎಂದು ಕೊನೆಗೆ y = e^(x²) + C ಎಂದು ಸೇರಿಸಿದ ಉತ್ತರ ಪತ್ರಿಕೆಗಳನ್ನು ಮೌಲ್ಯಮಾಪನದಲ್ಲಿ ಮತ್ತೆ ಮತ್ತೆ ನೋಡುತ್ತೇನೆ. ಇದನ್ನು ಮೂಲ ಸಮೀಕರಣದಲ್ಲಿ ಹಾಕಿ ನೋಡಿ. ಎಡಗಡೆ 2x e^(x²). ಬಲಗಡೆ 2x e^(x²) + 2Cx. C ಸೊನ್ನೆ ಆದರೆ ಮಾತ್ರ ಸರಿ. ಅಂದರೆ ಒಂದೇ ಒಂದು ಪರಿಹಾರ ಹಿಡಿದು, ಉಳಿದದ್ದೆಲ್ಲ ತಪ್ಪು ಬರೆದಂತಾಯಿತು. C ಯನ್ನು ಇಂಟಿಗ್ರೇಟ್ ಮಾಡಿದ ಸಾಲಿನಲ್ಲೇ ಹಾಕಬೇಕು: ln|y| = x² + C. ಆಮೇಲೆ ಎಕ್ಸ್‌ಪೊನೆನ್ಷಿಯಲ್ ತೆಗೆದುಕೊಂಡಾಗ C ಘಾತದ ಒಳಗೆ ಹೋಗಿ ಗುಣಕವಾಗಿ ಹೊರಗೆ ಬರುತ್ತದೆ: y = K e^(x²). ಕೂಡುವ ಸ್ಥಿರಾಂಕ ಗುಣಿಸುವ ಸ್ಥಿರಾಂಕವಾಗುವುದು ಇಲ್ಲಿಯೇ. ಸಂಶಯ ಬಂದರೆ ಉತ್ತರವನ್ನು ಮೂಲ ಸಮೀಕರಣದಲ್ಲಿ ಹಾಕಿ ನೋಡಿ. ಅರ್ಧ ನಿಮಿಷದ ಕೆಲಸ.

ಈಗ ನಿಮ್ಮ K ಋಣ ಆಗುವ ವಿಷಯ. ನಿಮ್ಮ ಲೆಕ್ಕದಲ್ಲಿ ಇಂಟಿಗ್ರೇಷನ್ ಆದ ಮೇಲೆ ಬರುವುದು

ln|(y − 2)/(y + 2)| = 4x + 4C

ಮಾಡ್ಯುಲಸ್ ಚಿಹ್ನೆ ಇಲ್ಲಿ ಶೋಕಿಗೆ ಇಲ್ಲ. ಅದನ್ನು ತೆಗೆಯುವಾಗ ± ಬರುತ್ತದೆ:

(y − 2)/(y + 2) = ± e^(4C) · e^(4x)

e^(4C) ಧನ ಎಂದು ನೀವು ಹೇಳಿದ್ದು ಸರಿ. ಆದರೆ K ಎಂದು ಕರೆದದ್ದು ± e^(4C) ಅನ್ನು, ಬರೀ e^(4C) ಅನ್ನಲ್ಲ. ಹಾಗಾಗಿ K ಧನವೂ ಆಗಬಹುದು, ಋಣವೂ ಆಗಬಹುದು. ಈ ಹಂತದಲ್ಲಿ K ಸೊನ್ನೆ ಮಾತ್ರ ಆಗುವಂತಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ± ಎಂದರೆ ಒಂದು x ಗೆ +, ಇನ್ನೊಂದು x ಗೆ − ಎಂದು ನಡುವೆ ಬದಲಾಗಬಹುದಾ? ಬದಲಾದರೆ K ಸ್ಥಿರಾಂಕವೇ ಅಲ್ಲ. y ಕಂಟಿನ್ಯೂಯಸ್. ಹಾಗಾಗಿ ಚಿಹ್ನೆ ಬದಲಾಗಬೇಕಾದರೆ y ಬೆಲೆ 2 ಅಥವಾ −2 ರ ಮೂಲಕ ಹಾದುಹೋಗಬೇಕು. ಆದರೆ y ಬೆಲೆ 2 ರ ಹತ್ತಿರ ಬಂದಂತೆ ಎಡಗಡೆಯ ಲಾಗ್ ಋಣ ಅನಂತಕ್ಕೆ ಇಳಿಯುತ್ತದೆ. −2 ರ ಹತ್ತಿರ ಬಂದಂತೆ ಧನ ಅನಂತಕ್ಕೆ ಏರುತ್ತದೆ. ಬಲಗಡೆ ಇರುವ 4x + 4C ಯಾವುದೇ ಸಾಮಾನ್ಯ x ಗೆ ಒಂದು ಸಾಮಾನ್ಯ ಸಂಖ್ಯೆ. ಎರಡೂ ಕಡೆ ಸಮ ಇರಬೇಕಲ್ಲ, ಹಾಗಾಗಿ y ಆ ಗೆರೆಗಳನ್ನು ಮುಟ್ಟಲು ಸಾಧ್ಯವಿಲ್ಲ. ಚಿಹ್ನೆ ಶುರುವಿನಲ್ಲಿ ಏನಿತ್ತೋ ಕೊನೆವರೆಗೂ ಅದೇ. ಈ ವಾದವನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಸ್ವಲ್ಪ ಹೊತ್ತಿಗೆ ಮತ್ತೆ ಬೇಕಾಗುತ್ತದೆ.

y ಗೆ ಬಿಡಿಸಿ ಬರೆದರೆ

y = 2(1 + K e^(4x)) / (1 − K e^(4x))

ಇದಕ್ಕೆ ಮೂರು ಆರಂಭದ ಬೆಲೆ ಕೊಟ್ಟು ನೋಡೋಣ. y(0) = 0 ಆದರೆ K = −1. ಛೇದ 1 + e^(4x), ಎಲ್ಲೂ ಸೊನ್ನೆಯಾಗುವುದಿಲ್ಲ. ಪರಿಹಾರ ಎಲ್ಲಾ x ಗೂ ಇದೆ, ನಿಧಾನವಾಗಿ −2 ರತ್ತ ಇಳಿಯುತ್ತದೆ.

y(0) = 4 ಆದರೆ K = 2/6 = 1/3. ಈಗ ಛೇದ 1 − e^(4x)/3. ಇದು x = (ln 3)/4 ರಲ್ಲಿ, ಅಂದರೆ ಸುಮಾರು 0.275 ರಲ್ಲಿ ಸೊನ್ನೆಯಾಗುತ್ತದೆ. y ಅಲ್ಲಿ ಅನಂತಕ್ಕೆ ಹಾರುತ್ತದೆ. ಪರಿಹಾರ ಅಲ್ಲಿಗೆ ಮುಗಿಯಿತು. ಸೂತ್ರ ಮಾತ್ರ ಮುಗಿಯುವುದಿಲ್ಲ. x = 1 ಹಾಕಿದರೂ ಒಂದು ಬೆಲೆ ಕೊಡುತ್ತದೆ, −2 ಕ್ಕಿಂತ ಕೆಳಗಿನ ಒಂದು ಬೆಲೆ. ಆ ಬೆಲೆಯನ್ನು y(0) = 4 ಇರುವ ಪರಿಹಾರದ ಬೆಲೆ ಎಂದು ಬರೆಯಬೇಡಿ. ಅದು ಬೇರೆ ಪರಿಹಾರ. ಒಂದೇ K ಗೆ, ಒಂದೇ ಸೂತ್ರದಲ್ಲಿ ಎರಡು ಬೇರೆ ಬೇರೆ ಪರಿಹಾರಗಳು ಕೂತಿವೆ, ಅಷ್ಟೇ. ಹಾಗಾಗಿ ಈ ಉತ್ತರದ ಪಕ್ಕದಲ್ಲಿ "x < (ln 3)/4" ಎಂದು ಬರೆಯುವುದು ಕಡ್ಡಾಯ ಎಂದೇ ನಾನು ಹೇಳುತ್ತೇನೆ.

ಮೂರನೆಯದು y(0) = 2. ಆಗ K = 0. ಸೂತ್ರದಲ್ಲಿ ಹಾಕಿದರೆ y = 2 ಬರುತ್ತದೆ, ಸರಿಯಾದ ಉತ್ತರವೇ. ಆದರೆ K ಸೊನ್ನೆ ಆಗುವಂತಿಲ್ಲ ಎಂದು ಈಗಷ್ಟೇ ಹೇಳಿದೆವು! ನಿಜ, ನಾವು ಬಂದ ದಾರಿಯಲ್ಲಿ K = 0 ಸಿಗುವುದಿಲ್ಲ. y = 2 ಪರಿಹಾರ ಎಂದು ಬೇರೆಯಾಗಿ ಪರೀಕ್ಷಿಸಿದ್ದೇವೆ. ಅದು ಸೂತ್ರದ ಆಕಾರಕ್ಕೆ K = 0 ಆಗಿ ಹೊಂದಿಕೊಂಡದ್ದರಿಂದ ಪಟ್ಟಿಯಲ್ಲಿ ಸೇರಿಸಿಕೊಂಡೆವು. ಭಾಗಿಸಿದಾಗ 2 ಮತ್ತು −2 ಎರಡೂ ಕಳೆದುಹೋಗಿದ್ದವು. ಒಂದು ಹೀಗೆ ವಾಪಸ್ ಬಂತು. ಇನ್ನೊಂದು ಬರಲಿಲ್ಲ. y = −2 ಬರಬೇಕಾದರೆ K ಅನಂತ ಆಗಬೇಕು, ಅಂಥ ಸಂಖ್ಯೆ ಇಲ್ಲ.

ಹಾಗಾದರೆ −2 ರಲ್ಲಿ ಏನೋ ವಿಶೇಷ ಇದೆಯಾ? ಇಲ್ಲ. ನೀವು ಭಿನ್ನರಾಶಿಯನ್ನು ತಿರುಗಿಸಿ (y + 2)/(y − 2) = M e^(−4x) ಎಂದು ಬರೆದಿದ್ದರೆ, M = 0 ಕೊಟ್ಟಾಗ y = −2 ಸಿಗುತ್ತಿತ್ತು, y = 2 ಕಳೆದುಹೋಗುತ್ತಿತ್ತು. ಎರಡೂ ಸರಿಯಾದ ಬರವಣಿಗೆಯೇ. ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂಬುದನ್ನು ನಾವು ಬರೆದ ರೀತಿ ತೀರ್ಮಾನಿಸುತ್ತದೆ. ಪುಸ್ತಕದ ಹಿಂದಿನ ಉತ್ತರ ಒಂದು ರೀತಿ, ನಿಮ್ಮದು ಇನ್ನೊಂದು ರೀತಿ ಬಂದು ಗಾಬರಿಯಾದಾಗ ಇದನ್ನೂ ಒಮ್ಮೆ ನೋಡಿ.

ಇದನ್ನು ನಿಭಾಯಿಸಲು ಒಂದೆರಡು ದಾರಿ ಇವೆ. ನಾನು ಹೇಳಿಕೊಡುವುದು ತೀರಾ ಸರಳವಾದದ್ದು: ಭಾಗಿಸುವ ಮುಂಚೆಯೇ ಒಂದು ಸಾಲು ಬರೆದುಬಿಡಿ, "y² − 4 = 0 ಆದಾಗ y = 2, y = −2; ಇವು ಸ್ಥಿರ ಪರಿಹಾರಗಳು. ಇನ್ನು ಮುಂದೆ y ≠ ±2." ಕೊನೆಯಲ್ಲಿ ಸೂತ್ರ ಬಂದ ಮೇಲೆ ಇವುಗಳಲ್ಲಿ ಯಾವುದು ಸೂತ್ರದ ಒಳಗೆ ಸೇರುತ್ತದೆ ನೋಡಿ, ಸೇರದ್ದನ್ನು ಬೇರೆಯಾಗಿ ಬರೆಯಿರಿ. ಆರಂಭದ ಷರತ್ತು ಆ ಸ್ಥಿರ ಬೆಲೆಗಳಲ್ಲೇ ಒಂದಾಗಿದ್ದರೆ ಇಂಟಿಗ್ರೇಷನ್‌ಗೆ ಕೈಹಾಕುವ ಮುಂಚೆಯೇ ಒಂದು ಉತ್ತರ ನಿಮ್ಮ ಕೈಲಿರುತ್ತದೆ.

ಎರಡನೆಯ ದಾರಿ C ಇಲ್ಲದೆ, ಮಿತಿ ಹಾಕಿ ಇಂಟಿಗ್ರೇಟ್ ಮಾಡುವುದು. y(0) = y₀ ಎಂದು ಗೊತ್ತಿದ್ದರೆ ಎಡಗಡೆ y₀ ಯಿಂದ y ವರೆಗೆ, ಬಲಗಡೆ 0 ಯಿಂದ x ವರೆಗೆ. ಫಿಸಿಕ್ಸ್, ಎಂಜಿನಿಯರಿಂಗ್‌ನವರಿಗೆ ಇದು ಇಷ್ಟ, C ಹುಡುಕುವ ಕೆಲಸವೇ ಇಲ್ಲ. ಇದರಲ್ಲಿ ಇರುವ ಅಪಾಯ ಏನೆಂದರೆ, y₀ ಯಿಂದ y ವರೆಗಿನ ದಾರಿಯಲ್ಲಿ ಛೇದ ಸೊನ್ನೆಯಾಗುವ ಜಾಗ ಬರಬಾರದು. ಲಾಗ್‌ನ ಸೂತ್ರಕ್ಕೆ ಎರಡು ಮಿತಿಗಳನ್ನು ಹಾಕಿ ಕಳೆಯುವಾಗ ನಡುವೆ 2 ಇತ್ತೇ ಎಂದು ಸೂತ್ರ ಕೇಳುವುದಿಲ್ಲ, ಸುಮ್ನೆ ಒಂದು ಸಂಖ್ಯೆ ಕೊಟ್ಟುಬಿಡುತ್ತದೆ. ಅದನ್ನು ನೋಡಿಕೊಳ್ಳುವುದು ನಿಮ್ಮ ಕೆಲಸ.

ಇಲ್ಲಿಯವರೆಗೆ ನೋಡಿದ್ದರಿಂದ "ಕಳೆದುಹೋದ ಪರಿಹಾರ ಅಂದರೆ ಒಂದು ಅಡ್ಡ ಗೆರೆ, ಅದನ್ನು ಪಟ್ಟಿಗೆ ಸೇರಿಸಿದರೆ ಮುಗಿಯಿತು" ಎನ್ನಿಸಬಹುದು. ನಿಮ್ಮ ಸಮೀಕರಣಕ್ಕೆ ಅದು ಸಾಕು. ಎಲ್ಲದಕ್ಕೂ ಸಾಕಾಗುವುದಿಲ್ಲ. ಸಾಕಾಗದ ಒಂದು ಕೇಸ್ ಅನ್ನು ಪೂರ್ತಿ ಮಾಡಿ ತೋರಿಸುತ್ತೇನೆ, ಯಾಕೆಂದರೆ ಪರಿಹಾರ ಕಳೆದುಕೊಂಡರೆ ನಿಜಕ್ಕೂ ಏನು ಕೆಡುತ್ತದೆ ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ನೇರ ಗೋಡೆಯ ಒಂದು ನೀರಿನ ಟ್ಯಾಂಕ್, ತಳದಲ್ಲಿ ಸಣ್ಣ ತೂತು. ತೂತಿನಿಂದ ನೀರು ಹೊರಬರುವ ವೇಗ √(2gh) ಎಂಬುದು ಟೊರಿಚೆಲ್ಲಿ 1644ರಲ್ಲಿ ಪ್ರಕಟಿಸಿದ ನಿಯಮ. h ಅಂದರೆ ತೂತಿನ ಮೇಲಿರುವ ನೀರಿನ ಎತ್ತರ. ವೇಗ √h ಗೆ ತಕ್ಕಂತೆ ಇರುವುದರಿಂದ ಮಟ್ಟ ಇಳಿಯುವ ದರವೂ √h ಗೆ ತಕ್ಕಂತೆ ಇರುತ್ತದೆ: dh/dt = −k√h. ಲೆಕ್ಕ ಸುಲಭವಾಗಲಿ ಎಂದು ಸೆಂಟಿಮೀಟರ್, ನಿಮಿಷಗಳಲ್ಲಿ k = 1 ಆಗುವಂಥ ತೂತು ಎಂದುಕೊಳ್ಳೋಣ. ಶುರುವಿನಲ್ಲಿ ನೀರು 100 ಸೆಂ.ಮೀ. ಇದೆ.

dh/√h = −dt
2√h = −t + C

t = 0 ಆದಾಗ 2√100 = 20, ಹಾಗಾಗಿ C = 20. ಅಲ್ಲಿಂದ √h = 10 − t/2, ಮತ್ತೆ ವರ್ಗ ಮಾಡಿದರೆ

h = (10 − t/2)²

10 ನಿಮಿಷಕ್ಕೆ 25 ಸೆಂ.ಮೀ. ಉಳಿದಿರುತ್ತದೆ. 20 ನಿಮಿಷಕ್ಕೆ ಸೊನ್ನೆ, ಟ್ಯಾಂಕ್ ಖಾಲಿ. ಇಲ್ಲಿಯವರೆಗೆ ಎಲ್ಲ ಸರಿ. ಈಗ t = 30 ಹಾಕಿ. h = (10 − 15)² = 25. ಖಾಲಿಯಾದ ಟ್ಯಾಂಕ್ ಹತ್ತು ನಿಮಿಷದಲ್ಲಿ ತಾನಾಗಿಯೇ 25 ಸೆಂ.ಮೀ. ತುಂಬಿಕೊಂಡಿತು ಎಂದು ಸೂತ್ರ ಹೇಳುತ್ತಿದೆ!

ತಪ್ಪು ಎಲ್ಲಿ? ವರ್ಗ ಮಾಡುವ ಮುಂಚಿನ ಸಾಲು ನೋಡಿ: √h = 10 − t/2. ಎಡಗಡೆ ವರ್ಗಮೂಲ, ಅದು ಋಣ ಆಗುವುದಿಲ್ಲ. ಹಾಗಾಗಿ ಈ ಸಾಲು t ≤ 20 ಇರುವವರೆಗೆ ಮಾತ್ರ ನಿಜ. ವರ್ಗ ಮಾಡಿದಾಗ ಆ ಮಿತಿ ಅಳಿಸಿಹೋಯಿತು. ಮೂಲ ಸಮೀಕರಣದಲ್ಲಿ ಹಾಕಿ ನೋಡಿದರೂ ಗೊತ್ತಾಗುತ್ತದೆ. t = 30 ರಲ್ಲಿ ಸೂತ್ರದ dh/dt ಬೆಲೆ +5, ಆದರೆ −√h ಬೆಲೆ −5. ಸಮ ಇಲ್ಲ.

20 ನಿಮಿಷದ ನಂತರ ನಿಜವಾದ ಪರಿಹಾರ ಯಾವುದು? h = 0. √h ನಿಂದ ಭಾಗಿಸಿದಾಗ ನಾವು ಕಳೆದುಕೊಂಡದ್ದೂ ಇದೇ. C ಗೆ ಏನು ಬೆಲೆ ಕೊಟ್ಟರೂ ಈ h = 0 ಸೂತ್ರದಿಂದ ಬರುವುದಿಲ್ಲ. ಹಾಗಾಗಿ ಪೂರ್ತಿ ಉತ್ತರ ಎರಡು ತುಂಡುಗಳದ್ದು: t ಬೆಲೆ 0 ಯಿಂದ 20 ರವರೆಗೆ h = (10 − t/2)², ಅಲ್ಲಿಂದ ಮುಂದೆ h = 0. ಜೋಡಿಸಿದ ಜಾಗದಲ್ಲಿ ಎತ್ತರವೂ ಸೊನ್ನೆ, ಇಳಿಜಾರೂ ಸೊನ್ನೆ. ಹಾಗಾಗಿ ಜೋಡಣೆ ನುಣುಪಾಗಿ ಕೂರುತ್ತದೆ, 20 ನೇ ನಿಮಿಷದಲ್ಲೂ ಸಮೀಕರಣ ಸರಿಹೋಗುತ್ತದೆ.

ಈ ಸಮೀಕರಣದಲ್ಲಿ ಇನ್ನೊಂದು ವಿಚಾರ ಇದೆ. 30 ನೇ ನಿಮಿಷದಲ್ಲಿ ನೀವು ಬಂದು ಟ್ಯಾಂಕ್ ಖಾಲಿ ಇರುವುದನ್ನು ನೋಡಿದಿರಿ ಎಂದುಕೊಳ್ಳಿ. h(30) = 0 ಎಂಬುದು ನಿಮ್ಮ ಷರತ್ತು. ಅದು 20 ನೇ ನಿಮಿಷಕ್ಕೆ ಖಾಲಿಯಾಗಿರಬಹುದು, 12 ಕ್ಕೆ ಆಗಿರಬಹುದು, ಮೊದಲಿನಿಂದಲೂ ನೀರೇ ಇರಲಿಕ್ಕಿಲ್ಲ. ಎಲ್ಲವೂ ಸಮೀಕರಣಕ್ಕೆ ಸರಿಯಾದ ಪರಿಹಾರಗಳೇ. ಒಂದು ಷರತ್ತು ಕೊಟ್ಟರೆ ಒಂದೇ ಪರಿಹಾರ ಎಂದು ನಾವು ನಂಬಿರುವುದು ಇಲ್ಲಿ ನಡೆಯುವುದಿಲ್ಲ.

ನಿಮ್ಮ y² − 4 ರಲ್ಲಿ ಹೀಗೆ ಆಗಲಿಲ್ಲ, √h ನಲ್ಲಿ ಆಯಿತು. ಯಾಕೆ? ನೆನಪಿನಲ್ಲಿ ಇಟ್ಟುಕೊಳ್ಳಿ ಎಂದು ಹೇಳಿದ್ದ ವಾದವನ್ನು ಈಗ ತೆಗೆಯಿರಿ. ಬೇರ್ಪಡಿಸಿದ ಸಮೀಕರಣದಲ್ಲಿ ಎಡಗಡೆಯ ಇಂಟಿಗ್ರಲ್ ಅಂದರೆ ಒಂದು ಬೆಲೆಯಿಂದ ಇನ್ನೊಂದಕ್ಕೆ ಹೋಗಲು ಎಷ್ಟು x ಬೇಕು ಎಂಬ ಲೆಕ್ಕ. ಟ್ಯಾಂಕಿನಲ್ಲಿ 100 ರಿಂದ 0 ಗೆ ಇಳಿಯಲು ಬೇಕಾದ ಸಮಯ 1/√h ನ ಇಂಟಿಗ್ರಲ್. ಛೇದ ಸೊನ್ನೆಯಾದರೂ ಆ ಇಂಟಿಗ್ರಲ್‌ನ ಬೆಲೆ 20, ಒಂದು ಸಾಮಾನ್ಯ ಸಂಖ್ಯೆ. ಹಾಗಾಗಿ ಪಕ್ಕದ ಪರಿಹಾರಗಳು h = 0 ಗೆರೆಯನ್ನು ಬಂದು ಮುಟ್ಟುತ್ತವೆ. ಮುಟ್ಟಿದ ಮೇಲೆ ಅಲ್ಲೇ ಉಳಿಯಬಹುದು. ಅಲ್ಲಿ ಜೋಡಿಸುವ ಕೆಲಸ ಬೀಳುತ್ತದೆ.

y² − 4 ರಲ್ಲಿ −2 ರ ಹತ್ತಿರ ಇಂಟಿಗ್ರಲ್ ಲಾಗ್ ಆಗುತ್ತದೆ, ಅನಂತಕ್ಕೆ ಹೋಗುತ್ತದೆ. ಮುಟ್ಟಲು ಅನಂತ x ಬೇಕು, ಅಂದರೆ ಮುಟ್ಟುವುದೇ ಇಲ್ಲ. y(0) = 0 ಇರುವ ಪರಿಹಾರವನ್ನೇ ನೋಡಿ. x = 1 ರಲ್ಲಿ ಅದು ಸುಮಾರು −1.928, x = 2 ರಲ್ಲಿ ಸುಮಾರು −1.9987. ಗೆರೆಯ ಹತ್ತಿರ ಹೋದ ಮೇಲೆ, ಉಳಿದ ಅಂತರ ಹತ್ತನೇ ಒಂದು ಭಾಗಕ್ಕೆ ಇಳಿಯಲು ಪ್ರತಿ ಸಲವೂ ಸುಮಾರು 0.58 ರಷ್ಟು x ಬೇಕು. ಹತ್ತಿರ ಹೋಗುತ್ತಲೇ ಇರುತ್ತದೆ, ಸೇರುವುದಿಲ್ಲ. ಅದಕ್ಕೇ ಇಲ್ಲಿ y = −2 ತನ್ನ ಪಾಡಿಗೆ ತಾನು ಇರುವ ಪರಿಹಾರ. ಪಟ್ಟಿಗೆ ಸೇರಿಸಿದರೆ ಸಾಕು, ಯಾವುದಕ್ಕೂ ಜೋಡಿಸಬೇಕಿಲ್ಲ. y(0) = −2 ಕೊಟ್ಟರೆ y = −2 ಒಂದೇ ಪರಿಹಾರ ಎಂದು ಧೈರ್ಯವಾಗಿ ಹೇಳಬಹುದಾದದ್ದೂ ಇದರಿಂದಲೇ.

ಇದನ್ನು ಪರೀಕ್ಷೆ ಹಾಲ್‌ನಲ್ಲೂ ಬಳಸಬಹುದಾದಷ್ಟು ಚಿಕ್ಕದಾಗಿ ಹೀಗೆ ನೋಡಬಹುದು. ಛೇದದಲ್ಲಿ ಸೊನ್ನೆಯಾಗುವ ಅಂಶ (y − a) ಎಂದೋ, (y − a)² ಎಂದೋ ಇದ್ದರೆ ಇಂಟಿಗ್ರಲ್ ಅನಂತಕ್ಕೆ ಹೋಗುತ್ತದೆ, y = a ಒಂಟಿ ಪರಿಹಾರ. ವರ್ಗಮೂಲ, ಘನಮೂಲದಂತೆ ಘಾತ 1 ಕ್ಕಿಂತ ಕಡಿಮೆ ಇದ್ದರೆ ಇಂಟಿಗ್ರಲ್ ನಿಲ್ಲುತ್ತದೆ, ಪರಿಹಾರಗಳು ಮುಟ್ಟುವ ಸಾಧ್ಯತೆ ಇದೆ. ಅಂಥ ಕಡೆ ಸೂತ್ರ ಯಾವ x ವರೆಗೆ ಸರಿ ಎಂದು ನೋಡದೆ ಉತ್ತರ ಬರೆಯಬೇಡಿ.

ನೀವು ಕೇಳಿಲ್ಲ, ಆದರೆ ಮುಂದಿನ ಲೆಕ್ಕಗಳಲ್ಲಿ ಬಂದೇ ಬರುತ್ತದೆ: y ಬದಲು x ನಿಂದ ಭಾಗಿಸಿದರೆ ಏನಾಗುತ್ತದೆ? x dy/dx = 2y ಎಂಬ ಸಮೀಕರಣ ತೆಗೆದುಕೊಳ್ಳಿ. ಬೇರ್ಪಡಿಸುವಾಗ xy ಯಿಂದ ಭಾಗಿಸುತ್ತೀರಿ. y = 0 ಸ್ಥಿರ ಪರಿಹಾರ, ಅದು ಸರಿ. x = 0 ಕೂಡ ಪರಿಹಾರವೇ ಎಂದು ಕೆಲವರು ಬರೆಯುತ್ತಾರೆ. ಇಲ್ಲ, ಅದು ನೆಟ್ಟಗಿನ ಗೆರೆ, x ನ ಫಂಕ್ಷನ್ ಅಲ್ಲ. ಆದರೆ x = 0 ಯಿಂದ ಲೆಕ್ಕ ಎರಡು ಭಾಗವಾಗುತ್ತದೆ: x > 0 ಒಂದು ಕಡೆ, x < 0 ಇನ್ನೊಂದು ಕಡೆ. ln|y| = 2 ln|x| + C ಯಿಂದ y = K x² ಬರುವುದು ಒಂದೊಂದು ಕಡೆಗೆ ಬೇರೆ ಬೇರೆಯಾಗಿ. ಎರಡೂ ಕಡೆ K ಒಂದೇ ಇರಬೇಕು ಎಂದು ಯಾರೂ ಹೇಳಿಲ್ಲ. x ≥ 0 ಗೆ y = x², x < 0 ಗೆ y = −3x² ಎಂದು ಜೋಡಿಸಿ ನೋಡಿ. ಸೊನ್ನೆಯಲ್ಲಿ ಎರಡರ ಬೆಲೆಯೂ 0, ಇಳಿಜಾರೂ 0. ಸಮೀಕರಣ ಎಲ್ಲಾ x ಗೂ ಸರಿಹೋಗುತ್ತದೆ. y(0) = 0 ಕೊಟ್ಟರೆ ಲೆಕ್ಕವಿಲ್ಲದಷ್ಟು ಪರಿಹಾರ. y(0) = 1 ಕೊಟ್ಟರೆ ಒಂದೂ ಇಲ್ಲ, ಯಾಕೆಂದರೆ x = 0 ಹಾಕಿದಾಗ ಸಮೀಕರಣವೇ 0 = 2y ಎನ್ನುತ್ತದೆ.